ಅತಿ ಗಿಡ್ಡ ಎಳೆ ಎಲ್ಲಿ ನಿಲ್ಲಬೇಕು?

ಪಾರ್ಲರಿನ ಕುರ್ಚಿಯಲ್ಲಿ ಕೂತ ಕೂಡಲೇ ಬರುವ ಪ್ರಶ್ನೆ, "ಯಾವ ಕಟ್ ಮೇಡಂ?" ಸೊಂಟದವರೆಗೆ ಕೂದಲು ಬಿಟ್ಟವರಲ್ಲಿ ಹೆಚ್ಚಿನವರ ಉತ್ತರವೂ ಒಂದೇ: "ಉದ್ದ ಹೋಗಬಾರದು, ಭಾರ ಮಾತ್ರ ಇಳೀಬೇಕು. ಲೇಯರ್ ಮಾಡಿ." ಹೇಳುವವರಿಗೆ ಇದು ಪೂರ್ತಿ ಅರ್ಥವಾಗಿರುತ್ತದೆ. ಕತ್ತರಿ ಹಿಡಿದವರಿಗೆ ಇದರಿಂದ ತಿಳಿಯುವುದು ಅರ್ಧ ಮಾತ್ರ. ಅದೇ ಕೂದಲಿಗೆ ಕಂಡೂ ಕಾಣದಂತೆ ಲೇಯರ್ ಮಾಡಬಹುದು, ಜಡೆಯೇ ನಿಲ್ಲದಂತೆಯೂ ಮಾಡಬಹುದು. ಎರಡಕ್ಕೂ ಹೆಸರು ಲೇಯರ್ ಎಂದೇ. ಆದ್ದರಿಂದ ಹೆಸರನ್ನು ಹೇಳುವುದಕ್ಕಿಂತ ಒಂದು ಅಳತೆಯನ್ನು ಹೇಳಿದರೆ ಕೆಲಸ ಸಲೀಸು: ನೆತ್ತಿಯಿಂದ ಇಳಿಯುವ ಅತಿ ಗಿಡ್ಡ ಎಳೆಯ ತುದಿ ಮೈಮೇಲೆ ಎಲ್ಲಿಗೆ ಬಂದು ನಿಲ್ಲಬೇಕು ಎಂಬುದು. ಉಳಿದದ್ದೆಲ್ಲ ಬಹುಮಟ್ಟಿಗೆ ಆ ಒಂದು ಅಳತೆಯಿಂದಲೇ ತೀರ್ಮಾನವಾಗುತ್ತದೆ. ಹೇಗೆ ಎಂದು ನೋಡುವ ಮೊದಲು ಈ ಭಾರ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು.

ಎಲ್ಲ ಎಳೆಗಳ ತುದಿಯೂ ಸೊಂಟದ ಒಂದೇ ಗೆರೆಗೆ ಬಂದು ನಿಂತ ಕೂದಲನ್ನು ಯೋಚಿಸಿ. ಕುತ್ತಿಗೆಯ ಬುಡದಲ್ಲಿ ಹುಟ್ಟಿದ ಎಳೆ ಅಲ್ಲಿಗೆ ತಲುಪಲು ಹೆಚ್ಚು ಉದ್ದ ಬೇಕಿಲ್ಲ. ನೆತ್ತಿಯಲ್ಲಿ ಹುಟ್ಟಿದ್ದು ತಲೆಯ ಹಿಂಭಾಗವನ್ನೆಲ್ಲ ದಾಟಿ ಬರಬೇಕು, ಹಾಗಾಗಿ ಅದೇ ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ತೂಕ. ಆ ತೂಕವನ್ನು ಹೊರುವುದು ಎಳೆಯ ಬುಡ. ಹಾಗಾಗಿ ನೆತ್ತಿಯ ಮೇಲೆ ಕೂದಲು ತಲೆಗೆ ಅಂಟಿದಂತೆ ಚಪ್ಪಟೆಯಾಗುತ್ತದೆ. ಅಲೆಯಿರುವ ಕೂದಲಾದರೆ ಬುಡದ ಹತ್ತಿರದ ಅಲೆಗಳು ಜಗ್ಗಿ ನೇರವಾಗುತ್ತವೆ. ತುದಿಯ ಕಥೆ ಬೇರೆ. ತುದಿಯ ಕೆಳಗೆ ಜಗ್ಗುವುದಕ್ಕೆ ಏನೂ ಇಲ್ಲ, ಆದ್ದರಿಂದ ಅಲ್ಲಿ ಅಲೆಯೆಲ್ಲ ಬಿಚ್ಚಿಕೊಂಡು ಹರಡುತ್ತದೆ. ಮೇಲೆ ಚಪ್ಪಟೆ, ಕೆಳಗೆ ಅಗಲ. ಕೂದಲು ಬಿಟ್ಟಾಗ ಹಿಂದಿನಿಂದ ತ್ರಿಕೋನದಂತೆ ಕಾಣುವುದು, ತುದಿಯಲ್ಲೇ ಯಾರೋ ಹಿಡಿದೆಳೆದಂತೆ ಅನ್ನಿಸುವುದು ಇದರಿಂದ. ತುದಿಯಲ್ಲಿ ಕೂದಲು ನಿಜವಾಗಿ ಹೆಚ್ಚಿರುವುದಿಲ್ಲ. ಕುತ್ತಿಗೆಯಿಂದ ಸೊಂಟದವರೆಗೂ ಇರುವುದು ಅಷ್ಟೇ ಎಳೆಗಳು. ಎಲ್ಲಿಯೂ ಸಣ್ಣಗಾಗದೆ ಒಮ್ಮೆಲೇ ಮುಗಿಯುತ್ತವೆ, ಅಷ್ಟೇ.

ಭಾರ ಎಂದು ಅನ್ನಿಸುವುದೆಲ್ಲ ಕತ್ತರಿಗೆ ಸೇರಿದ್ದಲ್ಲ ಎಂಬುದೂ ನಿಜ. ಬೋರ್‌ವೆಲ್ಲಿನ ಗಡಸು ನೀರಲ್ಲಿ ವರ್ಷಗಟ್ಟಲೆ ತಲೆಸ್ನಾನ ಮಾಡಿದ ಕೂದಲಿಗೆ ಸುಣ್ಣದ ಅಂಶ ಹತ್ತಿಕೊಂಡು ಎಳೆ ಒರಟಾಗುತ್ತದೆ. ಎಣ್ಣೆ, ಕಂಡೀಷನರ್, ಸೀರಮ್‌ಗಳ ಪದರ ಅದರ ಮೇಲೆ ಕೂರುತ್ತದೆ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. ಆ ಲೆಕ್ಕದಲ್ಲಿ ಸೊಂಟದ ಬಳಿಯ ತುದಿಗೆ ಮೂರು ನಾಲ್ಕು ವರ್ಷವಾದರೂ ವಯಸ್ಸಾಗಿದೆ. ಅಷ್ಟು ದಿನದ ಬಾಚಣಿಗೆ, ಬಿಸಿಲು, ಡ್ರೈಯರ್ ಎಲ್ಲ ಕಂಡ ತುದಿ ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗುತ್ತದೆ. ಕೈಯಿಂದ ಮುಟ್ಟಿದರೆ ಇದೂ ಭಾರದಂತೆಯೇ ತೋರುತ್ತದೆ. ಲೇಯರ್ ಮಾಡಿಸಿದರೆ ಇದು ಹೋಗುವುದಿಲ್ಲ. ಪಾರ್ಲರಿಗೆ ಹೋಗುವ ವಾರ, ಕೂದಲನ್ನು ಆಳವಾಗಿ ತೊಳೆಯುವ ಕ್ಲ್ಯಾರಿಫೈಯಿಂಗ್ ಶಾಂಪೂ ಹಾಕಿ ಒಮ್ಮೆ ತೊಳೆದು, ಎಣ್ಣೆ ಹಚ್ಚದೆ, ತಾನಾಗಿ ಒಣಗಲು ಬಿಟ್ಟು ನೋಡಿ. ಅರ್ಧ ಭಾರ ಅಲ್ಲೇ ಇಳಿದುಹೋದವರೂ ಇದ್ದಾರೆ.

ಇನ್ನೊಂದು ಪರೀಕ್ಷೆ ಜಡೆಯದು. ಜಡೆ ಹೆಣೆದು, ಕುತ್ತಿಗೆಯ ಹತ್ತಿರದ ದಪ್ಪವನ್ನೂ ರಬ್ಬರ್ ಬ್ಯಾಂಡ್ ಹಾಕುವ ಜಾಗದ ದಪ್ಪವನ್ನೂ ಬೆರಳಲ್ಲಿ ಹಿಡಿದು ಹೋಲಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಭಾರ ನಿಜವಾದದ್ದು, ಲೇಯರಿಗೆ ಎಡೆಯಿದೆ. ಕೆಳಗಿನದು ಮೇಲಿನದರ ಅರ್ಧಕ್ಕಿಂತ ಸಣ್ಣದಾಗಿದ್ದರೆ, ಬಿಟ್ಟ ಕೂದಲ ತುದಿಯಲ್ಲಿ ಹಿಂದಿನ ಬಟ್ಟೆಯ ಬಣ್ಣ ಕಾಣುತ್ತಿದ್ದರೆ, ಆ ಕೂದಲು ಆಗಲೇ ತಾನಾಗಿ ಲೇಯರ್ ಆಗಿದೆ. ಕತ್ತರಿಯಿಂದಲ್ಲ, ಮುರಿದು ಮುರಿದು. ಅಂಥ ಕೂದಲಿಗೆ ಮೊದಲು ಬೇಕಾದದ್ದು ತುದಿಯ ತೆಳು ಭಾಗವನ್ನು ನೇರವಾಗಿ ಕತ್ತರಿಸುವುದು. ಲೇಯರ್ ಎಂದರೆ ಕೆಳಗಿನ ಗೆರೆಯಿಂದ ಕೂದಲನ್ನು ತೆಗೆದು ಮೇಲಿನ ಗೆರೆಗಳಿಗೆ ಹಂಚುವುದು. ಕೆಳಗೆ ಇಲ್ಲದ್ದನ್ನು ಹಂಚಲು ಆಗದು.

ನಮ್ಮ ಬೀದಿಯ ಪಾರ್ಲರಿನಲ್ಲಿ ಈಚೆಗೆ ನಡೆದ ಒಂದು ಕಟ್ಟನ್ನು ಪಕ್ಕದ ಕುರ್ಚಿಯಲ್ಲಿ ಕೂತು ಮೊದಲಿಂದ ಕೊನೆಯವರೆಗೆ ನೋಡಿದೆ. ಬಂದವರು ಹೈಸ್ಕೂಲ್ ಟೀಚರ್. ದಟ್ಟ ಕೂದಲು, ಸಣ್ಣ ಅಲೆ, ಸೊಂಟಕ್ಕೆ ಇಳಿದ ಉದ್ದ. ಎರಡು ವರ್ಷದ ಹಿಂದೆ ಸ್ಟೆಪ್ ಕಟ್ ಮಾಡಿಸಿದ್ದರಂತೆ. ಆಮೇಲೆ ನಾಲ್ಕೈದು ತಿಂಗಳಿಗೊಮ್ಮೆ ಟ್ರಿಮ್ ಮಾಡಿಸುತ್ತಲೇ ಬಂದಿದ್ದಾರೆ. "ಕ್ರಮವಾಗಿ ಟ್ರಿಮ್ ಮಾಡಿಸಿದ್ರೂ ಶೇಪ್ ಹೇಗೆ ಹೋಯ್ತು?" ಎಂಬುದು ಅವರ ದೂರು.

ಹೋದದ್ದು ಟ್ರಿಮ್ಮಿನಿಂದಲೇ. ಅವರ ಹಳೆಯ ಕಟ್ಟಿನಲ್ಲಿ ಅತಿ ಗಿಡ್ಡ ಎಳೆಗೂ ಕೆಳಗಿನ ಗೆರೆಗೂ 10 ಇಂಚು ಅಂತರ ಇತ್ತು ಎಂದುಕೊಳ್ಳಿ. ಎಂಟು ತಿಂಗಳಲ್ಲಿ ಎಲ್ಲ ಎಳೆಯೂ 4 ಇಂಚು ಬೆಳೆಯುತ್ತದೆ. ಟ್ರಿಮ್ ಮಾಡಿಸುವಾಗ ಕತ್ತರಿ ಆಡುವುದು ಕೆಳಗಿನ ಗೆರೆಯಲ್ಲಿ ಮಾತ್ರ. ಅಲ್ಲಿ 4 ಇಂಚು ಹೋಗಿ ಗೆರೆ ಮತ್ತೆ ಸೊಂಟಕ್ಕೆ ಬರುತ್ತದೆ. ಗಿಡ್ಡ ಎಳೆಯನ್ನು ಯಾರೂ ಮುಟ್ಟಲಿಲ್ಲ, ಅದು 4 ಇಂಚು ಕೆಳಗಿಳಿಯಿತು. 10 ಇಂಚಿನ ಅಂತರ 6ಕ್ಕೆ ಬಂತು. ಇನ್ನೊಂದು ವರ್ಷ ಹೀಗೆಯೇ ನಡೆದರೆ ಅಂತರವೇ ಉಳಿಯುವುದಿಲ್ಲ. ಎಲ್ಲ ತುದಿಯೂ ಒಂದೇ ಗೆರೆಗೆ ಬಂದಿರುತ್ತವೆ. ಎರಡು ವರ್ಷದ ಹಿಂದಿನ ಸ್ಟೆಪ್ ಕಟ್ ಕಣ್ಣಮುಂದೆಯೇ ಕರಗುವುದು ಹೀಗೆ. ಟ್ರಿಮ್ಮನ್ನೇ ಮಾಡಿಸದೆ ಬಿಟ್ಟವರಲ್ಲಿ ಅಂತರ ಹಾಗೇ ಇರುತ್ತದೆ, ಆದರೆ ಗಲ್ಲದ ಬಳಿ ಇದ್ದ ಎಳೆ ಎದೆಗೆ ಇಳಿದು, ಆಕಾರ ಮುಖದ ಸುತ್ತಲಿಂದ ಬೆನ್ನಿಗೆ ಹೋಗಿರುತ್ತದೆ.

ಬ್ಯೂಟಿಶಿಯನ್ ಕೂದಲಿಗೆ ಕೈ ಹಾಕುವ ಮೊದಲು ಕೇಳಿದ್ದು ಕಟ್ಟಿನ ಹೆಸರನ್ನಲ್ಲ.

"ಮೇಡಂ, ದಿನಾ ಜಡೆನೇ ಹಾಕ್ತೀರಾ?"

"ಸ್ಕೂಲಿಗೆ ಜಡೆನೇ. ಭಾನುವಾರ, ಮದುವೆ ಮನೆ ಅಂದ್ರೆ ಬಿಡ್ತೀನಿ."

"ಜಡೆ ಎಲ್ಲಿಂದ ಶುರು ಮಾಡ್ತೀರಾ, ಕುತ್ತಿಗೆ ಹತ್ರಾನಾ, ಮೇಲಿಂದಾನಾ?"

"ಕುತ್ತಿಗೆ ಹತ್ರ."

"ಬೈತಲೆ ಮಧ್ಯಕ್ಕೇ ಅಲ್ವಾ?"

ಈ ಮೂರು ಪ್ರಶ್ನೆ ಕೇಳುವ ಪಾರ್ಲರಿನಲ್ಲಿ ಧೈರ್ಯವಾಗಿ ತಲೆ ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ಕೇಳದಿದ್ದರೆ ನಾವೇ ಹೇಳಬೇಕು.

ಮೊದಲು ಕೆಳಗಿನ ಸವೆದ ಒಂದು ಇಂಚನ್ನು ನೇರವಾಗಿ ತೆಗೆದರು. ಆಮೇಲೆ ಟೇಪು ಹಿಡಿದರೆ ನೆತ್ತಿಯಿಂದ ತುದಿಗೆ 24 ಇಂಚು. ನೆತ್ತಿಯಿಂದ ಕುತ್ತಿಗೆಯ ಬುಡಕ್ಕೆ 8 ಇಂಚು. ಅಂದರೆ ಕುತ್ತಿಗೆಯಲ್ಲಿ ಹುಟ್ಟಿದ ಎಳೆಯ ಉದ್ದ 16. ಇನ್ನು ಮುಂದಿನದು ಸ್ವಲ್ಪ ಲೆಕ್ಕ, ಆದರೆ ಒಮ್ಮೆ ಕಣ್ಣಿಗೆ ಕಟ್ಟಿಸಿಕೊಂಡರೆ ಯಾವ ಪಾರ್ಲರಿನಲ್ಲೂ ಉಪಯೋಗಕ್ಕೆ ಬರುತ್ತದೆ.

ಉದ್ದ ಕೂದಲ ಲೇಯರಿಗೆ ಎಳೆಗಳನ್ನು ನೆತ್ತಿಯ ನೇರಕ್ಕೆ ಮೇಲೆತ್ತಿ ಹಿಡಿದು ಒಂದೇ ಎತ್ತರದಲ್ಲಿ ಕತ್ತರಿಸುತ್ತಾರೆ. ನೆತ್ತಿಯ ಎಳೆ ನೆತ್ತಿಯಲ್ಲೇ ಇದೆ, 24 ಇಂಚೂ ಮೇಲಕ್ಕೆ ನಿಲ್ಲುತ್ತದೆ. ಕುತ್ತಿಗೆಯ ಎಳೆ ಮಾತ್ರ ನೆತ್ತಿಗೆ ಬಂದು ತಲುಪುವುದರಲ್ಲೇ 8 ಇಂಚು ಖರ್ಚಾಗಿ, ಮೇಲೆ ನಿಲ್ಲುವುದು 8 ಇಂಚು ಅಷ್ಟೇ. ಈಗ 16 ಇಂಚಿನ ಎತ್ತರದಲ್ಲಿ ಕತ್ತರಿಸಿದರೆ ಕುತ್ತಿಗೆಯ ಎಳೆ ಅಲ್ಲಿಗೆ ಎಟುಕುವುದೇ ಇಲ್ಲ, ಅದರ ಉದ್ದ ಕೂದಲೆಳೆಯಷ್ಟೂ ಕಡಿಮೆಯಾಗದು. ನೆತ್ತಿಯ ಎಳೆಯಲ್ಲಿ 8 ಇಂಚು ಹೋಗುತ್ತದೆ. ನಡುವಿನವು ನೆತ್ತಿಯಿಂದ ಎಷ್ಟು ದೂರ ಹುಟ್ಟಿವೆಯೋ ಅಷ್ಟು ಕಡಿಮೆ ಕಳೆದುಕೊಳ್ಳುತ್ತವೆ. ಕೂದಲನ್ನು ಕೆಳಗೆ ಬಿಟ್ಟಾಗ ನೆತ್ತಿಯ ಎಳೆ ಬೆನ್ನ ಮೇಲೆ 16ರಲ್ಲಿ ನಿಲ್ಲುತ್ತದೆ. ಅದಕ್ಕಿಂತ ಒಂದು ಇಂಚು ಕೆಳಗೆ ಹುಟ್ಟಿದ್ದು 18ರಲ್ಲಿ, ಎರಡು ಇಂಚು ಕೆಳಗೆ ಹುಟ್ಟಿದ್ದು 20ರಲ್ಲಿ. ಬುಡ ಒಂದು ಇಂಚು ಇಳಿದರೆ ತುದಿ ಎರಡು ಇಂಚು ಇಳಿಯುತ್ತದೆ. ನಾಲ್ಕು ಇಂಚು ಕೆಳಗಿನದು ಸೊಂಟ ಮುಟ್ಟುತ್ತದೆ, ಅಲ್ಲಿಂದಾಚೆಗಿನದೆಲ್ಲ ಹಾಗೇ ಇರುತ್ತದೆ. ತಲೆ ಗುಂಡಗಿರುವುದರಿಂದ ನಿಜವಾದ ಕೂದಲಲ್ಲಿ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿ ಬರುವುದಿಲ್ಲ, ಆದರೆ ದಾರಿ ಇದೇ.

ಉದ್ದ ಹೋಗದೆ ಭಾರ ಇಳಿಯುವುದು ಹೇಗೆ ಎಂಬುದಕ್ಕೆ ಉತ್ತರ ಇದರಲ್ಲಿದೆ. ಉದ್ದ ಉಳಿಸುವುದು ಕುತ್ತಿಗೆಯ ಹತ್ತಿರದ ಎಳೆಗಳು. ಭಾರ ಇಳಿಸುವುದು ನೆತ್ತಿಯ ಎಳೆಗಳು. ಮತ್ತು ಅತಿ ಗಿಡ್ಡ ಎಳೆಯ ಅಳತೆಯೊಂದೇ ಎರಡನ್ನೂ ತೀರ್ಮಾನಿಸುತ್ತದೆ ಎಂಬುದೂ ಇದರಲ್ಲೇ ಇದೆ. ಟೀಚರ ಕೂದಲನ್ನು 20ರಲ್ಲಿ ಕತ್ತರಿಸಿದ್ದರೆ ನೆತ್ತಿಯ ಸುತ್ತ ಎರಡು ಇಂಚಿನೊಳಗಿನ ಎಳೆಗಳಿಗೆ ಮಾತ್ರ ಕತ್ತರಿ ತಾಗುತ್ತಿತ್ತು. ಇಡೀ ತಲೆಯ ಲೆಕ್ಕದಲ್ಲಿ ಅದು ಹತ್ತನೇ ಒಂದು ಪಾಲಿನಷ್ಟೂ ಆಗದು. ದುಡ್ಡು ಕೊಟ್ಟು ಹೊರಬಂದು, "ಏನೂ ವ್ಯತ್ಯಾಸ ಕಾಣ್ತಿಲ್ವಲ್ಲ" ಎನ್ನುವ ಕಟ್ ಇದು. 10ರಲ್ಲಿ ಕತ್ತರಿಸಿದ್ದರೆ ನೆತ್ತಿಯಿಂದ ಏಳು ಇಂಚಿನವರೆಗಿನ ಎಲ್ಲ ಎಳೆಯೂ ಗಿಡ್ಡವಾಗಿ, ಸೊಂಟದವರೆಗೆ ಉಳಿಯುವುದು ಕುತ್ತಿಗೆಯ ಮೇಲಿನ ಒಂದು ಸಣ್ಣ ಪಟ್ಟಿಯ ಕೂದಲು. ಮೇಲೆ ದಟ್ಟವಾಗಿ, ಕೆಳಗೆ ಇಲಿಯ ಬಾಲದಂತೆ ಇಳಿಬಿದ್ದ ಕೂದಲನ್ನು ನೀವೂ ನೋಡಿರುತ್ತೀರಿ. ಅದಾದ ಮೇಲೆ ಬಾಲವನ್ನು ಕತ್ತರಿಸಿ ಉದ್ದವನ್ನು ಬಿಟ್ಟುಕೊಡುವುದೊಂದೇ ದಾರಿ, ಇಲ್ಲವೇ ವರ್ಷಗಟ್ಟಲೆ ಕಾಯಬೇಕು.

16 ಎಂದರೆ ಸುಮಾರು ಮೂರರಲ್ಲೊಂದು ಪಾಲು ಕೂದಲಿಗೆ ಕತ್ತರಿ ಬೀಳುತ್ತದೆ, ಎರಡು ಪಾಲು ಸೊಂಟದಲ್ಲಿ ಉಳಿಯುತ್ತದೆ. ಟೀಚರದು ದಟ್ಟ ಕೂದಲಾದ್ದರಿಂದ 14ಕ್ಕೂ ಇಳಿಯಬಹುದಿತ್ತು. ಆಗ ಅರ್ಧದಷ್ಟು ಕೂದಲು ಲೇಯರಿಗೆ ಬರುತ್ತಿತ್ತು. ಬ್ಯೂಟಿಶಿಯನ್ ಒಪ್ಪಲಿಲ್ಲ, ಕಾರಣ ಜಡೆ. ಜಡೆಯಲ್ಲಿ ಪ್ರತಿ ಗಿಡ್ಡ ಎಳೆಯ ತುದಿಯೂ ಎಲ್ಲೋ ಒಂದು ಕಡೆ ಹೊರಗೆ ಇಣುಕಲೇಬೇಕು. ಕುತ್ತಿಗೆಯ ಬಳಿ ಶುರುವಾಗುವ ಜಡೆಗೆ ನೆತ್ತಿಯ ಎಳೆ ಬಂದು ಸೇರುವಾಗಲೇ 8 ಇಂಚು ಮುಗಿದಿರುತ್ತದೆ. 16ರ ಎಳೆಗೆ ಹೆಣಿಗೆಯಲ್ಲಿ ಸಿಗುವುದು ಇನ್ನೆಂಟು ಇಂಚು. ಅದು ಜಡೆಯ ನಡುವಿಗೆ ಬಂದು ಮುಗಿಯುತ್ತದೆ, ಅಷ್ಟರಲ್ಲಿ ಹಲವು ಹೆಣಿಗೆ ಬಿದ್ದು ಭದ್ರವಾಗಿರುತ್ತದೆ. 10ರ ಎಳೆಯಾದರೆ ಎರಡೇ ಇಂಚು. ಒಂದೇ ಹೆಣಿಗೆಗೆ ಜಾರಿ, ಸಂಜೆಯ ಹೊತ್ತಿಗೆ ಕುತ್ತಿಗೆಯ ಸುತ್ತ ಚದುರಿರುತ್ತದೆ. ದಿನವೂ ಜಡೆ ಹಾಕುವವರಿಗೆ ಅತಿ ಗಿಡ್ಡ ಎಳೆ ಭುಜದಿಂದ ಒಂದು ಗೇಣಾದರೂ ಕೆಳಗಿರಲಿ. ತುರುಬು ಕಟ್ಟುವವರಿಗೆ ಇಷ್ಟು ಬಿಗಿ ಬೇಡ, ಕ್ಲಚರ್ ಹಾಕಿ ಬಿಡುವವರಿಗೆ ಇನ್ನೂ ಸಡಿಲ.

ಅಲೆಯ ಲೆಕ್ಕವೂ ಇತ್ತು. ಒದ್ದೆ ಕೂದಲನ್ನು ಬಾಚಿ ಎಳೆದು ಹಿಡಿದಾಗ ಅದು ಹಿಗ್ಗುತ್ತದೆ. ಒಣಗಿದರೆ ಮೇಲೆ ಸರಿಯುತ್ತದೆ. ಅಲೆಯಿರುವ ಕೂದಲು ಇನ್ನೂ ಹೆಚ್ಚು ಸರಿಯುತ್ತದೆ, ಏಕೆಂದರೆ ಕತ್ತರಿಸಿದ ಎಳೆಯ ತೂಕವೂ ಇಳಿದಿರುತ್ತದೆ, ಜಗ್ಗಿಹೋಗಿದ್ದ ಅಲೆ ಮತ್ತೆ ಏಳುತ್ತದೆ. ಅದಕ್ಕಾಗಿ ಮೊದಲ ಎಳೆಯನ್ನು 17ರಲ್ಲಿ ಕತ್ತರಿಸಿ, ಡ್ರೈಯರ್ ಹಿಡಿದು ಅದೊಂದನ್ನೇ ಒಣಗಿಸಿ, ಎಲ್ಲಿ ನಿಂತಿತೆಂದು ನೋಡಿದರು. ಸುಮಾರು 16ಕ್ಕೆ ಬಂದು ನಿಂತಿತು. ಸುರುಳಿ ಸುರುಳಿಯಾದ ಗುಂಗುರು ಕೂದಲಾಗಿದ್ದರೆ ಒಂದು ಇಂಚಿನ ಮುಲಾಜು ಏನಕ್ಕೂ ಸಾಲದು. ಅಂಥ ಕೂದಲನ್ನು ಒಣಗಿದ ಮೇಲೆ, ಅದು ಸಹಜವಾಗಿ ಇಳಿಬೀಳುವ ರೀತಿಯಲ್ಲೇ, ಸುರುಳಿ ನೋಡಿಕೊಂಡು ಕತ್ತರಿಸುವುದು ವಾಸಿ. ಸ್ಟ್ರೇಟನ್ ಮಾಡಿಸಿಕೊಂಡು ಲೇಯರಿಗೆ ಹೋಗುವವರು ಮುಂದಿನ ತಲೆಸ್ನಾನದವರೆಗೆ ಮಾತ್ರ ಸಂತೋಷವಾಗಿರುತ್ತಾರೆ. ಮನೆಯಲ್ಲಿ ದಿನವೂ ಹೇಗಿರುತ್ತದೋ ಹಾಗೇ, ಎಣ್ಣೆಯಿಲ್ಲದೆ, ರೂಢಿಯ ಬೈತಲೆ ತೆಗೆದು ಹೋಗಬೇಕು.

ಆ ಮೊದಲ ಎಳೆಯನ್ನು ಅವರು ಗೈಡ್ ಎಂದು ಕರೆದರು. ಅದೇ ಅಳತೆಗೋಲು. ಸುತ್ತಲಿನ ಕೂದಲನ್ನು ಬೆರಳಗಲದ ಪಾಲುಗಳಾಗಿ ವಿಂಗಡಿಸಿ, ಒಂದೊಂದನ್ನೂ ಗೈಡ್ ಇರುವಲ್ಲಿಗೇ ತಂದು, ಗೈಡನ್ನು ದಾಟಿ ನಿಂತಷ್ಟನ್ನು ಮಾತ್ರ ತೆಗೆದರು. ಕತ್ತರಿಯನ್ನು ಅಡ್ಡ ಹಿಡಿಯದೆ, ತುದಿಯನ್ನು ಮೇಲ್ಮುಖವಾಗಿ ಕೊಟ್ಟು ಚುಚ್ಚಿದಂತೆ ಕತ್ತರಿಸಿದರು. ಹಾಗೆ ಮಾಡಿದರೆ ಗೆರೆ ಬೀಳುವುದಿಲ್ಲ. ಕತ್ತರಿಸುವಾಗ ಬೆರಳುಗಳ ನಡುವಿನ ಕೂದಲು ನಿಜವಾಗಿ ನೆಟ್ಟಗೆ ಮೇಲೆ ನಿಂತಿದೆಯೇ ಎಂಬುದನ್ನು ಕನ್ನಡಿಯಲ್ಲಿ ಯಾರು ಬೇಕಾದರೂ ನೋಡಬಹುದು. ಅವಸರದಲ್ಲಿ ಕೈ ಓರೆಯಾಗಿ ಕೆಳಗಿಳಿದಷ್ಟೂ ಅಂತರ ಕಡಿಮೆಯಾಗಿ, ತುದಿಗಳು ಒಂದೇ ಕಡೆ ಗುಂಪುಗೂಡಿ ಮೆಟ್ಟಿಲಾಗುತ್ತದೆ. ಮುಂದಿನ ಕೂದಲು ಬೇರೆ ಕೆಲಸ. ನೆತ್ತಿಗೆ ತಂದು ಕತ್ತರಿಸಿದಾಗ ಹಣೆಯ ಬಳಿಯ ಎಳೆಗಳು ಕುತ್ತಿಗೆಯವುಗಳ ಹಾಗೇ ದೂರದವು, ಅವು ಬಹುಪಾಲು ಉದ್ದವಾಗಿಯೇ ಉಳಿಯುತ್ತವೆ. ಮುಖದ ಸುತ್ತ ಆಕಾರ ಬೇಕಾದರೆ ಅವನ್ನು ಮುಂದಕ್ಕೆ ತಂದು ಪ್ರತ್ಯೇಕವಾಗಿ ಕತ್ತರಿಸಬೇಕು. ಟೀಚರಿಗೆ ಕೊರಳೆಲುಬಿನ ಕೆಳಗಿಂದ ಶುರು ಮಾಡಿ ಹಿಂದಕ್ಕೆ ಉದ್ದವಾಗುವಂತೆ ಇಳಿಸಿದರು. ಗಲ್ಲದ ಮಟ್ಟಕ್ಕೆ ಮಾಡಿದ್ದರೆ ಫೋಟೋದಲ್ಲಿ ಚೆನ್ನ. ಬೋರ್ಡಿನ ಮುಂದೆ ನಿಂತು ಪಾಠ ಮಾಡುವವರಿಗೆ ಕಣ್ಣಿಗೆ ಬೀಳುವ ಕಾಟ.

ಎಳೆಗಳನ್ನು ತಂದು ಸೇರಿಸುವ ಜಾಗ ಯಾವುದೋ ಅಲ್ಲಿನ ಕೂದಲೇ ಅತಿ ಗಿಡ್ಡವಾಗುತ್ತದೆ. ಎಲ್ಲ ಕೂದಲನ್ನೂ ಹಣೆಯ ಮೇಲೆ ಜುಟ್ಟು ಕಟ್ಟಿ ಒಂದೇ ಏಟಿಗೆ ಕತ್ತರಿಸುವ ಮನೆಯ ಪ್ರಯೋಗದ ಗುಟ್ಟೂ ಇದೇ, ಅಪಾಯವೂ ಇದೇ. ಹಣೆಯಿಂದ ಕುತ್ತಿಗೆಗೆ ದೂರ ಹೆಚ್ಚು, ಹಾಗಾಗಿ ಹಿಂದಿನ ಉದ್ದ ಉಳಿಯುತ್ತದೆ, ಮುಂದಿನದು ಲೆಕ್ಕಕ್ಕಿಂತ ಗಿಡ್ಡವಾಗುತ್ತದೆ. ಜುಟ್ಟು ಕಟ್ಟಿದ್ದು ಅರ್ಧ ಇಂಚು ಬಲಕ್ಕೆ ಸರಿದಿದ್ದರೆ ಬಲಗಡೆ ಒಂದು ಉದ್ದ, ಎಡಗಡೆ ಒಂದು ಉದ್ದ. ನೇರ ಕೂದಲಿನವರಿಗೆ ಇದು ತಕ್ಷಣ ಗೊತ್ತಾಗುತ್ತದೆ. ಅಲೆಯಿರುವವರಿಗೆ ಅಲೆಯಲ್ಲಿ ಮುಚ್ಚಿಹೋಗುತ್ತದೆ.

ಕಟ್ಟುಗಳ ಹೆಸರಿನ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಆದರೆ ಒಂದು ಗೊಂದಲ ಬಿಡಿಸಬೇಕು. ಯು ಕಟ್, ವಿ ಕಟ್ ಎಂಬುವು ಲೇಯರ್ ಅಲ್ಲ. ಅವು ಕೆಳಗಿನ ಗೆರೆಯ ಆಕಾರ ಮಾತ್ರ. ಪಕ್ಕದ ತುದಿಗಳನ್ನು ಮೇಲಕ್ಕೆ ಏರಿಸಿ ನಡುವಿನದನ್ನು ಬಿಡುತ್ತಾರೆ. ಭಾರ ಇಳಿಯಲಿ ಎಂದು ವಿ ಕಟ್ ಕೇಳಿದವರಿಗೆ ಭಾರ ಇಳಿಯುವುದಿಲ್ಲ, ನಡುವಿಗೆ ಬಂದು ಸೇರುತ್ತದೆ. ಸ್ಟೆಪ್ ಎಂದರೆ ಗಿಡ್ಡದ್ದು ಎಲ್ಲಿ ಮುಗಿದು ಉದ್ದದ್ದು ಎಲ್ಲಿ ಶುರುವಾಗುತ್ತದೆ ಎಂಬುದು ಕಾಣಬೇಕು. ಲೇಯರ್ ಎಂದರೆ ಕಾಣಬಾರದು. ಉಳಿದ ಹೆಸರುಗಳು ಪಾರ್ಲರಿನಿಂದ ಪಾರ್ಲರಿಗೆ ಬದಲಾಗುತ್ತವೆ, ಅವುಗಳ ಮೇಲೆ ಭರವಸೆ ಇಡದೆ ಬೆನ್ನ ಮೇಲೆ ಬೆರಳಿಟ್ಟು ತೋರಿಸುವುದು ಒಳ್ಳೆಯದು.

ದಟ್ಟ ಕೂದಲಿನವರು ಹೆಚ್ಚು ಎಚ್ಚರ ಇಡಬೇಕಾದದ್ದು ಹಲ್ಲುಗಳಿರುವ ಕತ್ತರಿಯ ಬಗ್ಗೆ. ಥಿನ್ನಿಂಗ್ ಕತ್ತರಿ ಎನ್ನುತ್ತಾರೆ. ಬಾಚಣಿಗೆಯಂಥ ಅದರ ಅಲಗು ಒಂದು ಹಿಡಿ ಕೂದಲಲ್ಲಿ ಕೆಲವು ಎಳೆಗಳನ್ನು ಕತ್ತರಿಸಿ ಕೆಲವನ್ನು ಬಿಡುತ್ತದೆ. ಲೇಯರಿಗೆ ಮುಕ್ಕಾಲು ಗಂಟೆ ಹಿಡಿದರೆ ಇದು ಹತ್ತು ನಿಮಿಷದ ಕೆಲಸ, ಕೈಗೆ ತಕ್ಷಣ ಹಗುರ ಅನ್ನಿಸುತ್ತದೆ. ತುದಿಯ ಒಂದೆರಡು ಇಂಚಿನಲ್ಲಿ ಹಿತಮಿತವಾಗಿ ಆಡಿಸಿದರೆ ತಪ್ಪಿಲ್ಲ, ಗೆರೆ ಮೆತ್ತಗಾಗುತ್ತದೆ. ಬುಡದ ಹತ್ತಿರ ಅಥವಾ ಉದ್ದದ ನಡುವಲ್ಲಿ ಆಡಿಸಿದರೆ ಉದ್ದ ಎಳೆಗಳ ನಡುವೆ ಮೂರು ನಾಲ್ಕು ಇಂಚಿನ ತುಂಡುಗಳು ಉಳಿಯುತ್ತವೆ. ಅವು ಗಿಡ್ಡವಾದ್ದರಿಂದ ನೆಟ್ಟಗೆ ನಿಂತು ಉದ್ದ ಕೂದಲನ್ನು ಹೊರಕ್ಕೆ ತಳ್ಳುತ್ತವೆ. ಎರಡು ತಿಂಗಳಲ್ಲಿ ಅವು ಬೆಳೆದು, ಇಳಿಸಿದ ದಪ್ಪ ಮರಳಿ ಬರುತ್ತದೆ, ಜೊತೆಗೆ ಚಿಂಬಿರಿ. ಒರಟು ಕೂದಲು, ಅಲೆ, ಗುಂಗುರು ಇರುವವರಿಗೆ ಇದು ಆಗಿಬರುವುದಿಲ್ಲ. ಬ್ಲೇಡಿನಿಂದ ಜಾರಿಸಿ ಕತ್ತರಿಸುವುದೂ ಹಾಗೆಯೇ. ನುಣುಪಾದ ನೇರ ಕೂದಲಿಗೆ ಸರಿ, ಒಣ ಕೂದಲಿನಲ್ಲಿ ತುದಿ ಬೇಗ ಕವಲೊಡೆಯುತ್ತದೆ. ಭಾರ ಇಳಿಸುವುದನ್ನು ಕೇಳಿದಾಗ ಆ ಕತ್ತರಿ ಮೇಜಿನಿಂದ ಎದ್ದರೆ, "ಅದು ಬೇಡ, ಲೇಯರಲ್ಲೇ ತೆಗೀರಿ" ಎಂದು ಹೇಳುವುದರಲ್ಲಿ ಸಂಕೋಚ ಬೇಡ.

ಕಟ್ ಮುಗಿದ ಮೇಲೆ ನೋಡಬೇಕಾದದ್ದು ಒಣಗಿದ ಕೂದಲನ್ನು. ಬ್ಲೋ ಡ್ರೈ ಮಾಡಿ, ತುದಿಯನ್ನು ಒಳಕ್ಕೆ ಸುತ್ತಿ ಕಳಿಸಿದರೆ ಯಾವ ಕಟ್ಟಾದರೂ ಅಂದ. ಎರಡೂ ಪಕ್ಕದ ಒಂದೊಂದು ಎಳೆಯನ್ನು ಮುಂದಕ್ಕೆ ಎಳೆದು ಗಲ್ಲದ ಕೆಳಗೆ ಸೇರಿಸಿ, ತುದಿ ಸರಿಹೊಂದುತ್ತದೆಯೇ ನೋಡಿ. ಇನ್ನೊಂದು ಕನ್ನಡಿ ಹಿಡಿಸಿ ಬೆನ್ನನ್ನು ನೋಡಿ. ಅಡ್ಡಗೆರೆಯಂತೆ ಮೆಟ್ಟಿಲು ಕಂಡರೆ ಆಗಲೇ ಹೇಳಿದರೆ ಮೆಟ್ಟಿಲಿನ ಕೆಳಗಿನ ಎಳೆಗಳನ್ನು ಎತ್ತಿ ಹಿಡಿದು ಬೆರೆಸಬಹುದು. ಮೆಟ್ಟಿಲನ್ನು ಸರಿಪಡಿಸಬಹುದು, ಬಾಲವನ್ನು ಸರಿಪಡಿಸಲು ಆಗದು. ಟೀಚರು ಕುರ್ಚಿಯಲ್ಲೇ ಜಡೆ ಹೆಣೆದು ನೋಡಿದರು. ನಡುವಿನಿಂದ ಕೆಳಗೆ ಜಡೆ ಮೊದಲಿಗಿಂತ ಸಣ್ಣಗೆ ಇಳಿದಿತ್ತು, ಅದು ಸಹಜ. "ತೆಳ್ಳಗಾಯ್ತಲ್ಲಮ್ಮ" ಎಂದು ಅವರು ಅನುಮಾನಿಸಿದಾಗ ಬಂದ ಉತ್ತರ, "ಭಾರ ಹೋಗ್ಬೇಕು ಅಂದ್ರೆ ಎಲ್ಲಿಂದ್ಲಾದ್ರೂ ಹೋಗ್ಬೇಕಲ್ವಾ ಮೇಡಂ?" ಜಡೆ ತುದಿಯವರೆಗೂ ಒಂದೇ ದಪ್ಪ ಇರಬೇಕೆಂದು ಬಯಸುವವರು ಲೇಯರಿನ ಆಸೆ ಬಿಡುವುದು ಲೇಸು. ಅವರಿಗೆ ಹೊಂದುವುದು ಮೂರು ನಾಲ್ಕು ಇಂಚು ಉದ್ದವನ್ನೇ ಕಡಿಮೆ ಮಾಡುವುದು. ಅದೂ ಭಾರ ಇಳಿಸುವ ದಾರಿಯೇ, ಕೇಳಿದ ತಕ್ಷಣ ಎಲ್ಲರೂ ಮುಖ ತಿರುಗಿಸುತ್ತಾರೆ ಅಷ್ಟೇ.

ಕೆಲವು ಸಮಯದಲ್ಲಿ ಲೇಯರ್ ಮಾಡಿಸಲೇಬಾರದು. ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಕೂದಲು ಹಿಡಿ ಹಿಡಿಯಾಗಿ ಉದುರುವುದುಂಟು. ಡೆಂಗಿ, ಟೈಫಾಯ್ಡಿನಂಥ ಜೋರು ಜ್ವರ ಬಂದುಹೋದ ಎರಡು ಮೂರು ತಿಂಗಳಿಗೂ ಹಾಗೆಯೇ. ಈ ಉದುರುವಿಕೆ ಹೆಚ್ಚಾಗಿ ತಾನಾಗಿ ನಿಲ್ಲುತ್ತದೆ, ಹೊಸ ಕೂದಲು ಹಣೆಯ ಅಂಚಿನಲ್ಲಿ ಗಿಡ್ಡಗೆ ಏಳುತ್ತದೆ. ಆ ಹೊತ್ತಿಗೆ ಕೂದಲು ಆಕಾರ ಕಳೆದುಕೊಂಡಂತೆ ಕಾಣುವುದು ನಿಜ, ಆದರೆ ಕಾರಣ ಭಾರವಲ್ಲ. ಇರುವ ದಪ್ಪವನ್ನು ಕೆಳಗಿನ ಗೆರೆಯಲ್ಲಿ ಉಳಿಸಿಕೊಂಡು ನೇರವಾಗಿ ಟ್ರಿಮ್ ಮಾಡಿಸಿ, ಉದುರುವುದು ನಿಂತ ಮೇಲೆ ಯೋಚಿಸಬಹುದು.

ಮದುವೆ ಗೊತ್ತಾದ ಹುಡುಗಿಯರದು ಇನ್ನೊಂದು ಲೆಕ್ಕ. ಮೊಗ್ಗಿನ ಜಡೆಗೆ ಕೆಳಗೆ ಚೌರಿ ಸೇರಿಸಿ ಉದ್ದ ಮಾಡಬಹುದು, ಕುಚ್ಚೂ ಕಟ್ಟಬಹುದು. ಆದರೆ ಮೇಲಿನಿಂದ ಇಳಿಯುವ ಸ್ವಂತ ಜಡೆ ಗಟ್ಟಿಯಾಗಿ ನಿಂತರೆ ತಾನೇ ಮೊಗ್ಗಿನ ಭಾರ ತಡೆಯುವುದು? ಗಲ್ಲದ ಮಟ್ಟಕ್ಕೆ ಕತ್ತರಿಸಿದ ಎಳೆ ಜಡೆಗೆ ಸೇರುವಷ್ಟು ಉದ್ದವಾಗಲು, ಅಂದರೆ ಆರು ಇಂಚು ಬೆಳೆಯಲು, ಒಂದು ವರ್ಷ ಬೇಕು. ಆ ವರ್ಷದೊಳಗೆ ಮುಹೂರ್ತ ಇದ್ದರೆ ಅತಿ ಗಿಡ್ಡ ಎಳೆ ಬೆನ್ನಿನ ನಡುವಿಗಿಂತ ಮೇಲೆ ಬಾರದಂತೆ ಹೇಳಿ.

ಟೀಚರಿಗೆ ಹೊರಡುವಾಗ ಸಿಕ್ಕ ಸೂಚನೆ ಇಷ್ಟು: ಮುಂದಿನ ನಾಲ್ಕು ತಿಂಗಳಿಗೆ ಬರುವಾಗ ಬರೀ ಟ್ರಿಮ್ ಎನ್ನಬಾರದು, ಮೇಲಿನ ಎಳೆಯನ್ನೂ ಎತ್ತಿ ಎರಡು ಇಂಚು ತೆಗೆಯಿರಿ ಎನ್ನಬೇಕು. ಬೇರೆ ಪಾರ್ಲರಿಗೆ ಹೋದರೂ ಇದೇ ಮಾತು. ಬ್ಯೂಟಿಶಿಯನ್ 24 ಮತ್ತು 16 ಎಂಬ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಟೀಚರು ಅದನ್ನು ಮೊಬೈಲ್ ಕವರಿನ ಹಿಂದೆ ಸಿಕ್ಕಿಸಿಕೊಂಡು, ಮುಂದಿನ ಸಲ 14 ಮಾಡೋಣವೇ ಎಂದು ಕೇಳಿದರು. ನಾಲ್ಕು ತಿಂಗಳು ಈ ಜಡೆ ಹಾಕಿ ನೋಡಿ, ಆಮೇಲೆ ಮಾತಾಡೋಣ ಎಂದಾಯಿತು.